ಮುನ್ನೂರು ಕಂಪ್ಯೂಟರ್, ಒಂದೇ ಪಾಸ್‌ವರ್ಡ್

ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ತಯಾರಕರ ಹೆಸರು ಪರದೆಯ ಮೇಲೆ ಮೂಡಿ ಮರೆಯಾಗುತ್ತದೆ. ಆ ಕೆಲವು ಸೆಕೆಂಡು ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಹೇಳಿದಂತೆ ಯಂತ್ರ ನಡೆಯುತ್ತಿರುತ್ತದೆ. ಜನ ಇದನ್ನು ಇಂದಿಗೂ ಬಯೋಸ್ ಎಂದೇ ಕರೆಯುತ್ತಾರೆ. ಯಾವ ಡಿಸ್ಕಿನಿಂದ ಶುರುವಾಗಬೇಕು, ಪೆನ್‌ಡ್ರೈವ್‌ನಿಂದ ಬೂಟ್ ಆಗಬಹುದೇ, ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದೆಯೇ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ವಿಂಡೋಸ್ ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಈ ಹಂತದಲ್ಲಿ ಅದಕ್ಕೆ ಬೆಲೆಯಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಇದನ್ನು ಬದಲಿಸುವುದು ಸುಲಭ. ಡೆಲ್ ಆದರೆ F2, ಥಿಂಕ್‌ಪ್ಯಾಡ್ ಆದರೆ F1 ಒತ್ತಿ ಒಳಗೆ ಹೋಗಿ ಬೇಕಾದದ್ದನ್ನು ಬದಲಿಸಿ ಹೊರಬಂದರಾಯಿತು. ಕಚೇರಿಯಲ್ಲಿ ಮುನ್ನೂರು ಕಂಪ್ಯೂಟರ್ ಇದ್ದು, ಅದರಲ್ಲಿ ಅರ್ಧ ನೌಕರರ ಮನೆಗಳಲ್ಲಿದ್ದರೆ ಹೀಗೆ ಒಂದೊಂದರ ಮುಂದೆ ಕೂರುವುದು ಆಗದ ಮಾತು. ಅದಕ್ಕಾಗಿಯೇ ತಯಾರಕರು ತಮ್ಮದೇ ಉಪಕರಣಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ಡೆಲ್‌ನದು ಕಮಾಂಡ್ ಕಾನ್ಫಿಗರ್, ಎಚ್‌ಪಿಯದು ಬಯೋಸ್ ಕಾನ್ಫಿಗರೇಶನ್ ಯುಟಿಲಿಟಿ. ಲೆನೊವೊ ಯಂತ್ರಗಳಲ್ಲಿ ವಿಂಡೋಸ್‌ನ ಡಬ್ಲ್ಯುಎಂಐ ಎಂಬ ವ್ಯವಸ್ಥೆಯ ಮೂಲಕವೇ ಪವರ್‌ಶೆಲ್‌ನಿಂದ ಮಾತಾಡಬಹುದು. ವಿಂಡೋಸ್ ಓಡುತ್ತಿರುವಾಗಲೇ ಇವು ಫರ್ಮ್‌ವೇರ್‌ಗೆ ಆದೇಶ ಕೊಡುತ್ತವೆ. ಹೆಚ್ಚಿನ ಬದಲಾವಣೆಗಳು ಮುಂದಿನ ರೀಸ್ಟಾರ್ಟ್‌ನಲ್ಲಿ ಜಾರಿಯಾಗುತ್ತವೆ.

ಸೆಟ್ಟಿಂಗ್ ಬದಲಿಸುವುದು ಇಲ್ಲಿ ದೊಡ್ಡ ತಲೆನೋವಲ್ಲ. ಆ ಸೆಟ್ಟಿಂಗ್‌ಗಳನ್ನು ಕಾಯುವ ಬಯೋಸ್ ಪಾಸ್‌ವರ್ಡನ್ನು ನಿಭಾಯಿಸುವುದೇ ನಿಜವಾದ ಪೇಚು.

ಲೆಕ್ಕಕ್ಕೆ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳೋಣ. 240 ಡೆಲ್ ಲ್ಯಾಪ್‌ಟಾಪ್, 60 ಥಿಂಕ್‌ಪ್ಯಾಡ್. ಹಿಂದಿನ ಐಟಿ ಮುಖ್ಯಸ್ಥರು ಒಂದು ಪಾಸ್‌ವರ್ಡ್ ಇಟ್ಟಿದ್ದರು, ಅವರಿಗೂ ಹಿಂದಿನವರು ಇನ್ನೊಂದು. ಕೆಲವಕ್ಕೆ ಯಾರೂ ಇಟ್ಟೇ ಇಲ್ಲ. ಹೀಗಿರುವಾಗ ಹೊಸ ಪಾಸ್‌ವರ್ಡ್ ಹಾಕಲು ಹೊರಟವರು ಮೊದಲು ಮಾಡಬೇಕಾದದ್ದು ಗಣತಿ. ಡೆಲ್‌ನ ಪವರ್‌ಶೆಲ್ ಮಾಡ್ಯೂಲ್ ಹಾಕಿಕೊಂಡಿದ್ದರೆ ಈ ಒಂದು ಸಾಲು ಸಾಕು:

```
Get-Item DellSmbios:\Security\IsAdminPasswordSet
```

ಉತ್ತರ True ಅಥವಾ False ಎಂದು ಬರುತ್ತದೆ. ಪಾಸ್‌ವರ್ಡ್ ಇದೆಯೋ ಇಲ್ಲವೋ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಯಾವುದಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಹಳೆಯ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಕೊಟ್ಟು ನೋಡದೆ ಬೇರೆ ದಾರಿಯಿಲ್ಲ. ಬದಲಿಸುವ ಆದೇಶವೇ ಆ ಪರೀಕ್ಷೆಯೂ ಹೌದು:

```
cctk --setuppwd=HosaPada29 --valsetuppwd=HaleyaPada17
```

ಹಳೆಯದು ಸರಿಯಿದ್ದರೆ ಹೊಸದು ಕೂರುತ್ತದೆ, ಆದೇಶ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಬರದಿದ್ದರೆ ಆಗಿಲ್ಲ ಎಂದರ್ಥ. ಸ್ಕ್ರಿಪ್ಟ್ ಬರೆಯುವವರು ಆ ಸಂಖ್ಯೆಯನ್ನು ಯಂತ್ರದ ಸರ್ವಿಸ್ ಟ್ಯಾಗ್ ಜೊತೆ ಬರೆದಿಡುವಂತೆ ಮಾಡಬೇಕು. ಹಾಗೆ ಮಾಡದೆ ‘ಎಲ್ಲ ಕಡೆ ಸ್ಕ್ರಿಪ್ಟ್ ಓಡಿತು’ ಎಂದು ವರದಿ ಕೊಡುವವರು ಬಹಳ. ಸ್ಕ್ರಿಪ್ಟ್ ಓಡುವುದು ಬೇರೆ, ಪಾಸ್‌ವರ್ಡ್ ಬದಲಾಗುವುದು ಬೇರೆ.

ಎಷ್ಟು ಬಾರಿ ಬೇಕಾದರೂ ಪ್ರಯತ್ನಿಸಬಹುದು ಅಂದುಕೊಳ್ಳುವಂತಿಲ್ಲ. ಥಿಂಕ್‌ಪ್ಯಾಡ್‌ಗಳಲ್ಲಿ ತಪ್ಪು ಪಾಸ್‌ವರ್ಡ್ ಮೂರು ಸಲ ಬಿದ್ದರೆ ರೀಸ್ಟಾರ್ಟ್ ಆಗುವ ತನಕ ಮುಂದಿನ ಪ್ರಯತ್ನಗಳು ನಡೆಯುವುದಿಲ್ಲ. ಹಳೆಯ ಪಟ್ಟಿಯಲ್ಲಿ ಐದು ಪಾಸ್‌ವರ್ಡ್ ಇದ್ದು, ಸರಿಯಾದದ್ದು ಐದನೆಯದಾಗಿದ್ದರೆ ಸ್ಕ್ರಿಪ್ಟಿಗೆ ಅದು ಸಿಗುವುದೇ ಇಲ್ಲ.

ಥಿಂಕ್‌ಪ್ಯಾಡ್‌ನಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಬಯೋಸ್ ಪಾಸ್‌ವರ್ಡಿಗೆ ಸೂಪರ್‌ವೈಸರ್ ಪಾಸ್‌ವರ್ಡ್ ಎಂದು ಹೆಸರು. ಇರುವ ಪಾಸ್‌ವರ್ಡನ್ನು ದೂರದಿಂದ ಬದಲಿಸಬಹುದು, ಆದರೆ ಮೊಟ್ಟಮೊದಲನೆಯದನ್ನು ಮಾಮೂಲಿ ಬಳಕೆಯಲ್ಲಿ ದೂರದಿಂದ ಇಡಲು ಬರುವುದಿಲ್ಲ. ಯಾರಾದರೂ ಯಂತ್ರದ ಮುಂದೆ ಕೂತು F1 ಒತ್ತಲೇಬೇಕು, ಇಲ್ಲವೇ ಹೊಸ ಯಂತ್ರವನ್ನು ಸಿದ್ಧಪಡಿಸುವಾಗಲೇ ವಿಶೇಷ ಡಿಪ್ಲಾಯ್‌ಮೆಂಟ್ ಮೋಡ್‌ನಲ್ಲಿ ಇಡಬೇಕು. ಐಟಿಯವರಿಗೆ ಇದು ಕಿರಿಕಿರಿ ಎನಿಸಿದರೂ ಪಾಸ್‌ವರ್ಡ್ ಇಲ್ಲದ ಯಂತ್ರಕ್ಕೆ ದುಷ್ಟ ತಂತ್ರಾಂಶವೊಂದು ಒಳಗಿನಿಂದಲೇ ಬೀಗ ಜಡಿಯಲು ಇದರಿಂದ ಅವಕಾಶ ಸಿಗುವುದಿಲ್ಲ. ಡೆಲ್‌ನಲ್ಲಿ ಮೊದಲ ಪಾಸ್‌ವರ್ಡನ್ನೂ ವಿಂಡೋಸ್‌ನಿಂದಲೇ ಇಡಬಹುದು. ಆ ಅನುಕೂಲ ಅಡ್ಮಿನ್ ಹಕ್ಕು ಪಡೆದ ಯಾರಿಗೂ ಸಿಗುತ್ತದೆ. ಆದ್ದರಿಂದ ಡೆಲ್ ಯಂತ್ರದಲ್ಲಿ ಪಾಸ್‌ವರ್ಡ್ ಖಾಲಿ ಬಿಡುವುದು ಹೆಚ್ಚು ಅಪಾಯ.

ಹೆಸರುಗಳಲ್ಲೂ ಎಡವುವ ಸಂಭವವಿದೆ. ಡೆಲ್‌ನಲ್ಲಿ ಸೆಟಪ್ ಪಾಸ್‌ವರ್ಡ್ ಬೇಕಾಗುವುದು ಬಯೋಸ್ ಬದಲಿಸುವವರಿಗೆ. ಸಿಸ್ಟಮ್ ಪಾಸ್‌ವರ್ಡನ್ನು ಯಂತ್ರ ಪ್ರತಿ ಸಲ ಶುರುವಾಗುವಾಗಲೂ ಕೇಳುತ್ತದೆ. ಸ್ಕ್ರಿಪ್ಟಿನಲ್ಲಿ `--setuppwd` ಬದಲು `--syspwd` ಎಂದು ಬಿದ್ದರೆ ಮರುದಿನ ಬೆಳಿಗ್ಗೆ ನೌಕರರೆಲ್ಲ ತಮಗೆ ಗೊತ್ತಿರದ ಪಾಸ್‌ವರ್ಡ್ ಕೇಳುವ ಕಪ್ಪು ಪರದೆ ನೋಡುತ್ತ ಕೂರಬೇಕಾಗುತ್ತದೆ. ಸೆಟಪ್ ಪಾಸ್‌ವರ್ಡ್ ಇಟ್ಟ ಮಾತ್ರಕ್ಕೆ F12 ಒತ್ತಿದಾಗ ಬರುವ ಬೂಟ್ ಮೆನುವಿಗೂ ಕಾವಲು ಬಂತೆಂದು ನಂಬುವುದು ಇನ್ನೊಂದು ತಪ್ಪು. ಅದಕ್ಕೆ UEFI Boot Path Security ಎಂಬ ಬೇರೆಯೇ ಆಯ್ಕೆಯಿದೆ. ಅದನ್ನು ನೋಡಿ ಸರಿಪಡಿಸದಿದ್ದರೆ ಪೆನ್‌ಡ್ರೈವ್ ಹಿಡಿದು ಬಂದವರನ್ನು ಪಾಸ್‌ವರ್ಡ್ ತಡೆಯದೇ ಇರಬಹುದು.

ಪಾಸ್‌ವರ್ಡಿನ ಅಕ್ಷರಗಳ ಬಗ್ಗೆಯೂ ಒಂದು ಮಾತು. ವಿಂಡೋಸ್‌ನಲ್ಲಿ ಯಾವ ಕೀಬೋರ್ಡ್ ವಿನ್ಯಾಸ ಇದೆಯೆಂಬುದು ಫರ್ಮ್‌ವೇರ್‌ಗೆ ಗೊತ್ತಿರಬೇಕೆಂದಿಲ್ಲ. ಅದು ಅಮೆರಿಕನ್ ವಿನ್ಯಾಸವೆಂದೇ ಭಾವಿಸಿರಬಹುದು. ಬೆಂಗಳೂರಿನ ಕಂಪನಿಯೊಂದು ಇಲ್ಲಿಂದಲೇ ಜರ್ಮನಿಯ ಶಾಖೆಯ ಯಂತ್ರಗಳಿಗೆ ಪಾಸ್‌ವರ್ಡ್ ಕಳಿಸಿತು ಎನ್ನಿ. ಅಲ್ಲಿನ ಕೀಬೋರ್ಡಿನಲ್ಲಿ y ಮತ್ತು z ಅದಲುಬದಲು. ಚಿಹ್ನೆಗಳೂ ಬೇರೆ ಕಡೆ ಇರುತ್ತವೆ. ಸ್ಕ್ರಿಪ್ಟ್ ಕೊಟ್ಟಾಗ ಸರಿಹೋದ ಪಾಸ್‌ವರ್ಡ್ ಕೈಯಲ್ಲಿ ಒತ್ತಿದಾಗ ತಪ್ಪೆನ್ನುತ್ತದೆ. ಚಿಹ್ನೆಗಳಿಲ್ಲದ, y ಮತ್ತು z ಇಲ್ಲದ, ಆದರೆ ಉದ್ದವಾದ ಪಾಸ್‌ವರ್ಡ್ ಈ ಕೆಲಸಕ್ಕೆ ವಾಸಿ.

ಪಾಸ್‌ವರ್ಡ್ ಬದಲಾದ ಮೇಲೆ ಸೆಟ್ಟಿಂಗ್‌ಗಳ ಸರದಿ. ಇಲ್ಲಿ ಒಂದು ಆಮಿಷವಿದೆ: ಚೆನ್ನಾಗಿ ನಡೆಯುತ್ತಿರುವ ಒಂದು ಯಂತ್ರದ ಎಲ್ಲ ಸೆಟ್ಟಿಂಗ್‌ಗಳನ್ನು ಕಡತವಾಗಿ ಇಳಿಸಿಕೊಂಡು ಉಳಿದ ಎಲ್ಲದಕ್ಕೂ ಸುರಿಯುವುದು. ಉಪಕರಣಗಳು ಇದಕ್ಕೆ ಅವಕಾಶ ಕೊಡುತ್ತವೆ. ಆ ಕಡತದಲ್ಲಿ ಡಿಸ್ಕಿನ ಮೋಡ್ ಕೂಡ ಇರುತ್ತದೆ. ವಿಂಡೋಸ್ ಅನ್ನು RAID ಮೋಡ್‌ನಲ್ಲಿ ಹಾಕಿರುವ ಯಂತ್ರಕ್ಕೆ AHCI ಎಂಬ ಮೋಡ್ ಬಿದ್ದರೆ ಮುಂದಿನ ರೀಸ್ಟಾರ್ಟ್‌ನಲ್ಲಿ INACCESSIBLE_BOOT_DEVICE ಎಂಬ ನೀಲಿ ಪರದೆ ಬರುವ ಸಾಧ್ಯತೆ ಹೆಚ್ಚು. ಡಿಸ್ಕ್ ಕೆಟ್ಟಿರುವುದಿಲ್ಲ, ಮೋಡ್ ಹಿಂದಕ್ಕೆ ತಂದರೆ ಯಂತ್ರ ಏಳುತ್ತದೆ. ಆದರೆ ಏಳದ ಯಂತ್ರಕ್ಕೆ ದೂರದಿಂದ ಆದೇಶ ಕೊಡಲಾಗದು, ಕೈಯಿಂದಲೇ ಸರಿಪಡಿಸಬೇಕು. ಬದಲಿಸಬೇಕಾದ ನಾಲ್ಕೈದು ಸಾಲುಗಳನ್ನಷ್ಟೇ ಕಡತದಲ್ಲಿ ಉಳಿಸಿಕೊಳ್ಳುವುದು ಜಾಣತನ.

ಸೆಕ್ಯೂರ್ ಬೂಟ್ ಮುಟ್ಟುವಾಗ ಬಿಟ್‌ಲಾಕರ್ ನೆನಪಿರಬೇಕು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಈ ವ್ಯವಸ್ಥೆ ಯಂತ್ರ ಏಳುವ ಬಗೆಯನ್ನು ಟಿಪಿಎಂ ಚಿಪ್ಪಿನ ಮೂಲಕ ಅಳೆದಿರುತ್ತದೆ. ಅಳತೆ ತಪ್ಪಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ತಪ್ಪಿಸಲು ಬದಲಾವಣೆಗೆ ಮುನ್ನ ಹೀಗೆ ಹೇಳುತ್ತಾರೆ:

```
Suspend-BitLocker -MountPoint "C:" -RebootCount 1
```

ಒಂದು ರೀಸ್ಟಾರ್ಟ್ ಆದ ಮೇಲೆ ರಕ್ಷಣೆ ತಾನಾಗಿ ಮರಳುತ್ತದೆ. ಆದರೆ ನೌಕರರು ರೀಸ್ಟಾರ್ಟ್ ಮಾಡದೆ ಲ್ಯಾಪ್‌ಟಾಪ್ ಮುಚ್ಚಿಟ್ಟು ವಾರ ಕಳೆದರೆ? ಅಷ್ಟೂ ದಿನ ಡಿಸ್ಕಿನ ಕೀಲಿ ಡಿಸ್ಕಿನಲ್ಲೇ ತೆರೆದಿರುತ್ತದೆ. ಹಾಗಾಗಿ ಈ ಆದೇಶದ ಬೆನ್ನಿಗೇ ರೀಸ್ಟಾರ್ಟನ್ನೂ ನಿಗದಿ ಮಾಡಬೇಕು. ಮರಳಿ ಎದ್ದ ಮೇಲೆ `Confirm-SecureBootUEFI` ಎಂದು ಕೇಳಿ True ಬಂದರಷ್ಟೇ ಕೆಲಸ ಮುಗಿಯಿತು.

ಪಾಸ್‌ವರ್ಡಿನ ನೀತಿ ಏನಿರಬೇಕು? ಮೂರು ತಿಂಗಳಿಗೊಮ್ಮೆ ಕಡ್ಡಾಯ ಬದಲಾವಣೆ ಎಂಬ ಹಳೆಯ ರೂಢಿಯನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಕೈಬಿಟ್ಟಿದೆ. ಸೋರಿದ ಸುಳಿವಿದ್ದರೆ ಬದಲಿಸಿ ಎನ್ನುತ್ತದೆ ಅದು. ಅದು ವ್ಯಕ್ತಿಗಳ ಪಾಸ್‌ವರ್ಡಿಗೆ ಹೇಳಿದ ಮಾತು. ಬಯೋಸ್ ಪಾಸ್‌ವರ್ಡ್ ಹಲವರ ಕೈಯಲ್ಲಿರುವುದರಿಂದ ಐಟಿ ವಿಭಾಗದಿಂದ ಒಬ್ಬರು ಕೆಲಸ ಬಿಟ್ಟರೂ ಅದನ್ನು ಬದಲಿಸಬೇಕಾಗುತ್ತದೆ. ಮುನ್ನೂರಕ್ಕೂ ಒಂದೇ ಪಾಸ್‌ವರ್ಡ್ ಇದ್ದರೆ ಮುನ್ನೂರನ್ನೂ ಬದಲಿಸಬೇಕು. ಅದು ಸೋರುವ ದಾರಿಗಳೂ ಹಲವು. ಎಲ್ಲರೂ ಓದಬಲ್ಲ ಹಂಚಿಕೆಯ ಫೋಲ್ಡರಿನಲ್ಲಿ ಸ್ಕ್ರಿಪ್ಟ್ ಉಳಿದುಬಿಡುತ್ತದೆ. ಆದೇಶದ ಸಾಲುಗಳನ್ನು ದಾಖಲಿಸುವ ಆಯ್ಕೆ ಚಾಲೂ ಇದ್ದರೆ ವಿಂಡೋಸ್‌ನ ಭದ್ರತಾ ದಾಖಲೆಯಲ್ಲಿ 4688ನೇ ಘಟನೆಯಾಗಿ ಪಾಸ್‌ವರ್ಡ್ ಯಥಾವತ್ತಾಗಿ ಮೂಡುತ್ತದೆ. ಎಚ್‌ಪಿ ಉಪಕರಣವೊಂದು ಪಾಸ್‌ವರ್ಡನ್ನು ಗೂಢಲಿಪಿಯ ಕಡತವಾಗಿ ಮಾಡಿಕೊಡುತ್ತದೆ, ಅದರಿಂದ ಇಣುಕಿ ನೋಡುವವರಿಗೆ ಅಡ್ಡಿಯಾಗುತ್ತದೆ. ಆದರೆ ಆ ಕಡತವನ್ನೇ ನಕಲು ಮಾಡಿಕೊಂಡವರು ಅದನ್ನೇ ಬಳಸಬಹುದು.

ಇದಕ್ಕೆ ಈಗಿರುವ ಒಳ್ಳೆಯ ಪರಿಹಾರ ಯಂತ್ರಕ್ಕೊಂದು ಪಾಸ್‌ವರ್ಡ್. ಮೈಕ್ರೋಸಾಫ್ಟ್‌ನ ಇಂಟ್ಯೂನ್ ಡೆಲ್ ಯಂತ್ರಗಳಿಗೆ ಇದನ್ನು ಮಾಡಿಕೊಡುತ್ತದೆ. ಪ್ರತಿ ಯಂತ್ರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ತಾನೇ ಹುಟ್ಟಿಸಿ, ಇಟ್ಟುಕೊಂಡು, ಅಧಿಕಾರ ಇದ್ದವರು ಕೇಳಿದಾಗ ತೋರಿಸುತ್ತದೆ. ಈಗಾಗಲೇ ಇಂಟ್ಯೂನ್‌ಗೆ ಗೊತ್ತಿಲ್ಲದ ಪಾಸ್‌ವರ್ಡ್ ಇರುವ ಯಂತ್ರದಲ್ಲಿ ಮಾತ್ರ ಇದು ಸೋಲುತ್ತದೆ, ಹಳೆಯದನ್ನು ಮೊದಲು ತೆಗೆಯಬೇಕು. ಗಣತಿಯ ಪಟ್ಟಿ ಮತ್ತೆ ಬೇಕಾಗುವುದು ಇಲ್ಲೇ. ಎಚ್‌ಪಿಯ ಶ್ಯೂರ್ ಅಡ್ಮಿನ್ ಪಾಸ್‌ವರ್ಡನ್ನೇ ಕೈಬಿಟ್ಟಿದೆ. ಪರದೆಯ ಮೇಲಿನ ಕ್ಯೂಆರ್ ಕೋಡನ್ನು ತಂತ್ರಜ್ಞರು ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗ ಒಮ್ಮೆ ಮಾತ್ರ ನಡೆಯುವ ಅಂಕಿಯೊಂದು ಸಿಗುತ್ತದೆ.

ಒಮ್ಮೆ ಸರಿಮಾಡಿದ್ದು ಹಾಗೇ ಉಳಿಯುತ್ತದೆಂದೂ ಇಲ್ಲ. ವಾರಂಟಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಅದೇ ಸರ್ವಿಸ್ ಟ್ಯಾಗ್‌ನ ಯಂತ್ರ ಖಾಲಿ ಪಾಸ್‌ವರ್ಡ್ ಮತ್ತು ಕಾರ್ಖಾನೆಯ ಸೆಟ್ಟಿಂಗ್ ಹೊತ್ತು ಮರಳುತ್ತದೆ, ಪಟ್ಟಿಯಲ್ಲಿ ಮಾತ್ರ ‘ಸರಿಯಿದೆ’ ಎಂದೇ ಇರುತ್ತದೆ. ತಪಾಸಣೆಯ ಸ್ಕ್ರಿಪ್ಟ್ ನಿತ್ಯ ಓಡಬೇಕಾಗುವುದು ಇದಕ್ಕೇ.

ಕಚೇರಿಗಳು ಹಳೆಯ ಯಂತ್ರಗಳನ್ನು ಮಾರುವಾಗ ಪಾಸ್‌ವರ್ಡ್ ತೆಗೆಯಲು ಮರೆತರೆ ಅದರ ಪೆಟ್ಟು ಬೀಳುವುದು ಕೊಂಡವರಿಗೆ. ಕಳೆದುಹೋದ ಸೂಪರ್‌ವೈಸರ್ ಪಾಸ್‌ವರ್ಡಿಗೆ ಲೆನೊವೊ ಹೇಳುವ ಪರಿಹಾರ ಮದರ್‌ಬೋರ್ಡ್ ಬದಲಾವಣೆ, ಅದಕ್ಕೆ ಹಳೆಯ ಲ್ಯಾಪ್‌ಟಾಪಿನ ಬೆಲೆಗಿಂತ ಹೆಚ್ಚು ಖರ್ಚಾಗಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಬೇರೆಲ್ಲೋ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಕೊಳ್ಳುವವರು ಹಣ ಕೊಡುವ ಮುನ್ನ ಅಂಗಡಿಯಲ್ಲೇ ಯಂತ್ರ ಆರಿಸಿ, ಮತ್ತೆ ಹಾಕಿ, F1 ಒತ್ತಿ ನೋಡಬೇಕು. ಪಾಸ್‌ವರ್ಡ್ ಕೇಳಿತೆಂದರೆ ಅಂಗಡಿಯವರು ಅದನ್ನು ತೆಗೆದುಕೊಡುವ ತನಕ ವ್ಯಾಪಾರ ಮುಗಿಸಬೇಡಿ.