ಸೋಡಿಯಂ, ಸಕ್ಕರೆ ಎರಡೂ ಕುಸಿದಾಗ ಕೇಳಬೇಕಾದ ಪ್ರಶ್ನೆ

ಸುಸ್ತು, ವಾಂತಿ, ಮಂಪರು ಎಂದು ಆಸ್ಪತ್ರೆಗೆ ಸೇರಿದವರ ರಕ್ತಪರೀಕ್ಷೆಯಲ್ಲಿ ಸೋಡಿಯಂ ಕಡಿಮೆ ಬರುವುದು ತೀರಾ ಸಾಮಾನ್ಯ. ಬಿ.ಪಿ.ಗೆ ಕೊಟ್ಟ ಮಾತ್ರೆ, ಭೇದಿ, ಹೃದಯದ ತೊಂದರೆ, ಶ್ವಾಸಕೋಶದ ಸೋಂಕು ಹೀಗೆ ಅದಕ್ಕೆ ಹತ್ತಾರು ಕಾರಣಗಳಿವೆ. ಸಕ್ಕರೆ ಕಾಯಿಲೆಯ ಔಷಧಿಯನ್ನೇ ಮುಟ್ಟದವರಲ್ಲಿ ರಕ್ತದ ಸಕ್ಕರೆ ಇಳಿಯುವುದು ಮಾತ್ರ ಸಾಮಾನ್ಯವಲ್ಲ. ಈ ಎರಡೂ ಒಬ್ಬರಲ್ಲೇ ಒಟ್ಟಿಗೆ ಕಂಡರೆ, ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಸಾಕಷ್ಟಿದೆಯೇ ಎಂದು ನೋಡಲೇಬೇಕು.

ನಲವತ್ತು ದಾಟಿದ ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಇಂಥ ಹಲವು ರೋಗಿಗಳ ವಿವರಗಳನ್ನು ಕೂಡಿಸಿ ಇಲ್ಲಿ ಒಬ್ಬಳನ್ನಾಗಿ ಹೇಳುತ್ತಿದ್ದೇನೆ. ಜ್ವರ ಬಂದು ಮೂರು ದಿನ ಊಟ ಬಿಟ್ಟಿದ್ದಾಳೆ, ವಾಂತಿ ನಿಲ್ಲುತ್ತಿಲ್ಲ, ಕೂಗಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾಳೆ. ಬಿ.ಪಿ. 84/50. ಸೋಡಿಯಂ 135ರಿಂದ 145ರ ನಡುವೆ ಇರಬೇಕಾದದ್ದು 114ಕ್ಕೆ ಇಳಿದಿದೆ. ಸಕ್ಕರೆ 46. ಪೊಟ್ಯಾಸಿಯಂ 4.1, ಅಂದರೆ ಸರಿಯಾಗಿಯೇ ಇದೆ. ಹಳೆಯ ಚೀಟಿಗಳನ್ನು ತೆಗೆದು ನೋಡಿದರೆ ಹಿಂದಿನ ವರ್ಷವೂ ಇದೇ ಕಥೆ. ಗ್ಲುಕೋಸ್, ಸಲೈನ್ ಹಾಕಿದ್ದಾರೆ, ಚೇತರಿಸಿಕೊಂಡಿದ್ದಾಳೆ, ಮನೆಗೆ ಕಳಿಸಿದ್ದಾರೆ. ಅದಕ್ಕೂ ಮೊದಲು ಯಾರೋ ಥೈರಾಯ್ಡ್ ಮಾತ್ರೆ ಬರೆದಿದ್ದರು. ನುಂಗಿದರೆ ಇನ್ನೂ ಸುಸ್ತಾಗುತ್ತದೆಂದು ಅವಳೇ ಅದನ್ನು ಬಿಟ್ಟಿದ್ದಳು.

ಜೊತೆಗೆ ಬಂದಿದ್ದ ತಾಯಿಯನ್ನು ಡ್ಯೂಟಿ ಡಾಕ್ಟರ್ ಕೇಳುತ್ತಾರೆ: "ಕೊನೇ ಹೆರಿಗೇಲಿ ರಕ್ತ ಜಾಸ್ತಿ ಹೋಗಿತ್ತಾ ಅಮ್ಮ?"

"ಹೂಂ ಡಾಕ್ಟ್ರೇ, ತುಂಬಾ ಹೋಗಿತ್ತು. ಮೂರು ಬಾಟ್ಲಿ ರಕ್ತ ಕೊಟ್ರು. ಬದುಕಿದ್ದೇ ಹೆಚ್ಚು."

"ಎದೆಹಾಲು ಬಂತಾ?"

"ಒಂದು ಹನೀನೂ ಬರ್ಲಿಲ್ಲ. ಹಸುವಿನ ಹಾಲು ಹಾಕೇ ಮಗೂನ ಸಾಕಿದ್ವಿ."

"ಆಮೇಲೆ ಮುಟ್ಟಾಗಿದ್ದಾರಾ?"

"ಇಲ್ಲ. ಮಕ್ಕಳಾಗದ ಆಪರೇಷನ್ ಮಾಡಿಸಿದ್ವಲ್ಲ, ಅದಕ್ಕೇ ನಿಂತಿರಬೇಕು ಅಂದ್ಕೊಂಡ್ವಿ."

ಹದಿನಾಲ್ಕು ವರ್ಷದ ಹಿಂದಿನ ಆ ಹೆರಿಗೆಯಲ್ಲೇ ಕಾಯಿಲೆಯ ಮೂಲವಿದೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಬಸುರಿನಲ್ಲಿ ದಪ್ಪಗಾಗುತ್ತದೆ, ಅದಕ್ಕೆ ಬೇಕಾಗುವ ರಕ್ತವೂ ಹೆಚ್ಚುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿ.ಪಿ. ಕುಸಿದರೆ ಆ ಗ್ರಂಥಿಗೆ ರಕ್ತ ಸಾಲದೆ ಅದರ ಮುಂಭಾಗ ಸಾಯುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹರೋಲ್ಡ್ ಶೀಹನ್ ಎಂಬ ವೈದ್ಯ 1937ರಲ್ಲಿ ಇದನ್ನು ವಿವರವಾಗಿ ಬರೆದ. ಅದಕ್ಕೇ ಇದನ್ನು ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಹಾಲು ಬರಿಸುವುದು, ಮುಟ್ಟು ನಡೆಸುವುದು, ಥೈರಾಯ್ಡ್ ಗ್ರಂಥಿಗೂ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೂ ಆದೇಶ ಕೊಡುವುದು ಇದೇ ಪಿಟ್ಯುಟರಿಯ ಕೆಲಸ. ಆದೇಶ ನಿಂತ ಮೇಲೆ ಅಡ್ರಿನಲ್ ಕಾರ್ಟಿಸಾಲ್ ಮಾಡುವುದನ್ನು ಕಡಿಮೆ ಮಾಡುತ್ತದೆ. ದಿನ ತಳ್ಳುವಷ್ಟು ಉಳಿದಿದ್ದರೆ ಹೆಂಗಸು ಸುಸ್ತೆಂದುಕೊಂಡೇ ವರ್ಷಗಟ್ಟಲೆ ಓಡಾಡುತ್ತಾಳೆ. ಜ್ವರ ಬಂದಾಗ ದೇಹ ಹಲವು ಪಟ್ಟು ಹೆಚ್ಚು ಕೇಳುತ್ತದೆ. ಕೊಡಲು ಇರುವುದಿಲ್ಲ.

ಸಕ್ಕರೆ ಯಾಕೆ ಇಳಿಯಿತು ಎಂಬುದು ಸುಲಭ. ಊಟವಿಲ್ಲದಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದಕ್ಕೆ ಕಾರ್ಟಿಸಾಲ್‌ನ ಒತ್ತಾಸೆ ಬೇಕು. ಸೋಡಿಯಂನ ಲೆಕ್ಕ ಸ್ವಲ್ಪ ಬೇರೆ. ಇವಳ ಮೈಯಲ್ಲಿ ಉಪ್ಪು ತೀರಿಹೋಗಿಲ್ಲ, ನೀರು ಹೆಚ್ಚಾಗಿ ಉಪ್ಪು ತೆಳುವಾಗಿದೆ. ನೀರನ್ನು ಮೂತ್ರದಲ್ಲಿ ಹೋಗಗೊಡದೆ ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನಿದೆ. ಅದನ್ನು ಅಂಕೆಯಲ್ಲಿಡುವುದು ಕಾರ್ಟಿಸಾಲ್. ಅಂಕೆ ತಪ್ಪಿದಾಗ ಕುಡಿದ ನೀರೆಲ್ಲ ಒಳಗೇ ಉಳಿಯುತ್ತದೆ.

ರೋಗ ಕೈತಪ್ಪುವುದು ಇಲ್ಲೇ. ಅಡ್ರಿನಲ್ ಕೊರತೆ ಎಂದರೆ ವೈದ್ಯ ವಿದ್ಯಾರ್ಥಿಗಳ ಮನಸ್ಸಿಗೆ ಮೊದಲು ಬರುವುದು ಅಡಿಸನ್ ಕಾಯಿಲೆ. ಅದರಲ್ಲಿ ಅಡ್ರಿನಲ್ ಗ್ರಂಥಿಯೇ ಹಾಳಾಗಿರುತ್ತದೆ. ನಮ್ಮಲ್ಲಿ ಕ್ಷಯವೂ ಅದಕ್ಕೊಂದು ಕಾರಣ. ಚರ್ಮ, ಒಸಡು, ಅಂಗೈ ಗೆರೆಗಳು ಕಪ್ಪಾಗುತ್ತವೆ, ಪೊಟ್ಯಾಸಿಯಂ ಏರುತ್ತದೆ. ಪಿಟ್ಯುಟರಿ ಸೋತಾಗ ಇವೆರಡೂ ಇರುವುದಿಲ್ಲ. ಪೊಟ್ಯಾಸಿಯಂ ಕಾಯುವ ಹಾರ್ಮೋನು ಪಿಟ್ಯುಟರಿಯನ್ನು ಹೆಚ್ಚು ನೆಚ್ಚಿಕೊಂಡಿಲ್ಲ, ಹಾಗಾಗಿ ಅದು ಸರಿಯಾಗಿಯೇ ಇರುತ್ತದೆ. ಚರ್ಮ ಕಪ್ಪಾಗುವ ಬದಲು ಬಿಳಿಚಿಕೊಳ್ಳುತ್ತದೆ, ಕಂಕುಳ ಕೂದಲು ಉದುರುತ್ತದೆ. ಪೊಟ್ಯಾಸಿಯಂ ಸರಿಯಿದೆ ಎಂದು ಅಡ್ರಿನಲ್‌ನ ಯೋಚನೆಯನ್ನೇ ಕೈಬಿಟ್ಟರೆ ಇಂಥವರು ಸಿಗುವುದೇ ಇಲ್ಲ.

ಪರೀಕ್ಷೆ ದೊಡ್ಡದೇನಲ್ಲ, ರಕ್ತದ ಕಾರ್ಟಿಸಾಲ್ ನೋಡಬೇಕು. ನಮ್ಮ ರೋಗಿಯದು 2.4 ಬಂತು. ಇಷ್ಟು ಕಡಿಮೆ ಬಂದರೆ ಗೊಂದಲವಿಲ್ಲ. ಗೊಂದಲವಿರುವುದು 7, 8 ಎಂದು ಬಂದಾಗ. ಲ್ಯಾಬಿನ ಹಾಳೆಯಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಆರೋಗ್ಯವಂತರ ಬೆಳಗಿನ ಮಟ್ಟ. ಸುಮಾರು 5ರಿಂದ ಶುರುವಾಗುವ ಆ ಮಿತಿಯೊಳಗೆ 7 ಬಿದ್ದರೆ ಯಾರೂ ಕೆಂಪು ಗುರುತು ಹಾಕುವುದಿಲ್ಲ. ಬಿ.ಪಿ. ಬಿದ್ದು ಮಲಗಿರುವ ಮನುಷ್ಯನಲ್ಲಿ ಅದು 18 ದಾಟಿರಬೇಕು ಎಂಬುದು ಲೆಕ್ಕ. ಆ ಹೊತ್ತಿನ 7 ನಾರ್ಮಲ್ ಅಲ್ಲ. ಥೈರಾಯ್ಡ್ ರಿಪೋರ್ಟಿನಲ್ಲೂ ಒಂದು ಸುಳಿವಿರುತ್ತದೆ. ಟಿ4 ಕಡಿಮೆಯಿದ್ದೂ ಟಿ.ಎಸ್.ಎಚ್. ಏರಿಲ್ಲವಾದರೆ ಪಿಟ್ಯುಟರಿಯ ಮೇಲೆ ಅನುಮಾನ ಪಡಬೇಕು.

ರಿಪೋರ್ಟ್ ಬರುವವರೆಗೆ ಕಾಯುವಂತಿಲ್ಲ. ರಕ್ತ ತೆಗೆದಿಟ್ಟುಕೊಂಡು ತಕ್ಷಣ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ನರಕ್ಕೆ ಕೊಡುತ್ತಾರೆ, ಆಮೇಲೆ ಆರು ಗಂಟೆಗೊಮ್ಮೆ 50. ಜೊತೆಗೆ ಸಲೈನ್, ಗ್ಲುಕೋಸ್. ಬಿ.ಪಿ. ಕೆಲವೇ ಗಂಟೆಗಳಲ್ಲಿ ಏರುತ್ತದೆ, ರೋಗಿ ಎದ್ದು ಕೂರುತ್ತಾಳೆ. ಮನೆಯವರು ನಿರಾಳವಾಗುವ ಆ ಹೊತ್ತಿಗೇ ವೈದ್ಯರು ಇನ್ನೊಂದು ಅಪಾಯವನ್ನು ಕಾಯಬೇಕು. ಕಾರ್ಟಿಸಾಲ್ ಸಿಕ್ಕಿದ್ದೇ ವ್ಯಾಸೊಪ್ರೆಸಿನ್ ತಗ್ಗುತ್ತದೆ, ಲೀಟರುಗಟ್ಟಲೆ ಮೂತ್ರ ಹೋಗುತ್ತದೆ, ಸೋಡಿಯಂ ಸರಸರನೆ ಏರತೊಡಗುತ್ತದೆ. ದಿನಕ್ಕೆ 8-10 ಅಂಕಕ್ಕಿಂತ ಹೆಚ್ಚು ಏರಿದರೆ ಮೆದುಳಿನ ನರತಂತುಗಳ ಹೊದಿಕೆ ಕಳಚಿ ಮಾತು, ಕೈಕಾಲು ಬಿದ್ದುಹೋಗಬಹುದು. ಆದ್ದರಿಂದ ನಾಲ್ಕಾರು ಗಂಟೆಗೊಮ್ಮೆ ಸೋಡಿಯಂ ನೋಡಿ, ಬೇಕಾದರೆ ಆ ಏರಿಕೆಯನ್ನು ತಡೆಯುತ್ತಾರೆ. ಥೈರಾಯ್ಡ್ ಮಾತ್ರೆಯನ್ನು ಕಾರ್ಟಿಸಾಲ್ ಕೊಟ್ಟ ಮೇಲಷ್ಟೇ ಶುರು ಮಾಡುತ್ತಾರೆ. ಮೊದಲೇ ಕೊಟ್ಟರೆ ಅದು ಇದ್ದಬದ್ದ ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಸುತ್ತದೆ. ಆ ಹಳೆಯ ಮಾತ್ರೆ ನುಂಗಿದಾಗ ಸುಸ್ತು ಹೆಚ್ಚಿದ್ದು ಇದಕ್ಕೇ.

ಹೆರಿಗೆಯೊಂದೇ ಕಾರಣವಲ್ಲ. ಕೊಳಕುಮಂಡಲ ಹಾವು ಕಚ್ಚಿ ಬದುಕುಳಿದವರಲ್ಲೂ ಕೆಲವರ ಪಿಟ್ಯುಟರಿ ಹೀಗೆಯೇ ಹಾಳಾಗುತ್ತದೆ. ನಮ್ಮ ಹೊಲಗದ್ದೆಗಳಲ್ಲಿ ಆ ಹಾವಿಗೇನೂ ಕೊರತೆಯಿಲ್ಲ. ಕೀಲುನೋವಿಗೋ ಉಬ್ಬಸಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿ ಥಟ್ಟನೆ ನಿಲ್ಲಿಸಿದವರಂತೂ ಇನ್ನೂ ಹೆಚ್ಚು. ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಆಸ್ಪತ್ರೆಗೆ ತಂದು ತೋರಿಸಿ, ಬಚ್ಚಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕಾರಣವಿಲ್ಲದೆ ಡೋಸು ಪದೇ ಪದೇ ಇಳಿಸಬೇಕಾಗಿ ಬಂದರೆ ಅದೂ ಇದೇ ಕೊರತೆಯ ಸೂಚನೆ ಇರಬಹುದು.

ಮನೆಗೆ ಹೋದ ಮೇಲೆ ಆ ಹೆಣ್ಣುಮಗಳು ದಿನಕ್ಕೆ 15ರಿಂದ 20 ಮಿ.ಗ್ರಾಂ. ಹೈಡ್ರೋಕಾರ್ಟಿಸೋನನ್ನು ಎರಡು ಮೂರು ಸಲ ಹಂಚಿ ನುಂಗಬೇಕು, ಜೀವನಪೂರ್ತಿ. ಸ್ಟೀರಾಯ್ಡ್ ಕೆಟ್ಟದ್ದು, ಬಿಟ್ಟುಬಿಡು ಎಂದು ನೆಂಟರಿಷ್ಟರು ಹೇಳುತ್ತಾರೆ. ಇಲ್ಲಿ ಅದು ಮೈ ತಾನೇ ಮಾಡಿಕೊಳ್ಳಬೇಕಿದ್ದುದನ್ನು ಹೊರಗಿನಿಂದ ತುಂಬಿಕೊಡುವುದಷ್ಟೆ. ಜ್ವರ ಬಂದರೆ ಡೋಸನ್ನು ಎರಡು ಮೂರು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ತಡಮಾಡದೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ರಾತ್ರಿ ಹೊತ್ತು ಯಾವ ಡಾಕ್ಟರ್ ಇದ್ದರೂ ಗೊತ್ತಾಗುವಂತೆ ಇದೆಲ್ಲವನ್ನೂ ಬರೆದ ಚೀಟಿ ಅವಳ ಪರ್ಸಿನಲ್ಲೇ ಇರಬೇಕು.