ಇಂಡಕ್ಷನ್ ತವಾ: ಡಬ್ಬದ ಮೇಲೆ ಬರೆಯದೆ ಬಿಟ್ಟದ್ದು

‘ಪ್ರೀಮಿಯಂ ಗ್ರಾನೈಟ್ ದೋಸೆ ತವಾ, 28 ಸೆಂ.ಮೀ., ಇಂಡಕ್ಷನ್ ಬೇಸ್, ಪಿಎಫ್‌ಒಎ ಮುಕ್ತ, ಟಾಕ್ಸಿನ್ ಫ್ರೀ.’ ಪಾತ್ರೆ ಅಂಗಡಿಯ ರಟ್ಟಿನ ಡಬ್ಬದ ಮೇಲಾಗಲಿ, ಆನ್‌ಲೈನ್ ಮಾರಾಟದ ಪುಟದಲ್ಲಾಗಲಿ ಇಂಥದೊಂದು ಸಾಲು ಕಣ್ಣಿಗೆ ಬೀಳುತ್ತದೆ. ಓದಿದರೆ ಎಲ್ಲ ಹೇಳಿಬಿಟ್ಟಂತಿದೆ. ಆದರೆ ಆ ತವಾ ಯಾವ ಲೋಹದ್ದು, ಅದರ ಮೇಲಿನ ಲೇಪನ ಎಷ್ಟು ಬಿಸಿ ತಡೆಯುತ್ತದೆ, ಇಂಡಕ್ಷನ್ ಒಲೆಯ ಮೇಲೆ ಅದರ ಎಷ್ಟು ಭಾಗ ಕಾಯುತ್ತದೆ, ಏನು ಮಾಡಿದರೆ ಕೆಡುತ್ತದೆ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಇಲ್ಲಿ ಉತ್ತರವಿಲ್ಲ. ಆರು ತಿಂಗಳಲ್ಲಿ ತಳ ಉಬ್ಬಿ, ಕೋಟಿಂಗ್ ಎದ್ದು ಮೂಲೆ ಸೇರುವ ತವಾಗಳ ಕಥೆ ಬಹುಪಾಲು ಈ ಉತ್ತರಗಳಿಲ್ಲದೆ ಶುರುವಾಗುತ್ತದೆ. ಇದೇ ತವಾವನ್ನು ಒಂದೊಂದೇ ಪದರವಾಗಿ ಬಿಡಿಸಿ ನೋಡೋಣ.

‘ಗ್ರಾನೈಟ್’ನಲ್ಲಿ ಕಲ್ಲಿಲ್ಲ

ಗ್ರಾನೈಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಹೆಚ್ಚಿನ ತವಾಗಳ ಮೈ ಅಲ್ಯೂಮಿನಿಯಂನದು. ಬೂದು ಬಣ್ಣದ ಮೇಲೆ ಬಿಳಿ ಚುಕ್ಕೆ ಎರಚಿದಂತೆ ಕಾಣುವುದು ನಾನ್‌ಸ್ಟಿಕ್ ಲೇಪನದ ವಿನ್ಯಾಸ ಮಾತ್ರ. ಆ ಲೇಪನ ಸಾಮಾನ್ಯವಾಗಿ ಪಿಟಿಎಫ್‌ಇ ಎಂಬ ಪಾಲಿಮರ್. 1938ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತು ಟೆಫ್ಲಾನ್ ಎಂಬ ಹೆಸರಿನಲ್ಲಿ ಜಗತ್ತಿನ ಅಡುಗೆಮನೆಗಳಿಗೆ ಬಂತು.

‘ಪಿಎಫ್‌ಒಎ ಮುಕ್ತ’ ಎಂದರೆ ‘ಟೆಫ್ಲಾನ್ ಇಲ್ಲ’ ಎಂದು ತಿಳಿಯುವವರು ಬಹಳ. ಇವೆರಡೂ ಬೇರೆ ಬೇರೆ. ಪಿಎಫ್‌ಒಎ ಎನ್ನುವುದು ಪಿಟಿಎಫ್‌ಇ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ರಾಸಾಯನಿಕ. ದೇಹದಲ್ಲೂ ನೀರಿನಲ್ಲೂ ಉಳಿದುಬಿಡುತ್ತದೆ ಎಂಬ ಕಾರಣಕ್ಕೆ ಅಮೆರಿಕದ ದೊಡ್ಡ ತಯಾರಕರು 2015ರ ಹೊತ್ತಿಗೆ ಅದನ್ನು ಕೈಬಿಟ್ಟರು. ಹಾಗಾಗಿ ಡಬ್ಬದ ಮೇಲೆ ಪಿಎಫ್‌ಒಎ ಇಲ್ಲ ಎಂದಿದ್ದರೂ ಒಳಗಿನ ತವಾಕ್ಕೆ ಪಿಟಿಎಫ್‌ಇ ಲೇಪನ ಇರಬಹುದು, ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇದ್ದರೆ ತಪ್ಪೇನಿಲ್ಲ. ಅದರ ಮಿತಿ ಗೊತ್ತಿರಬೇಕು, ಅಷ್ಟೆ. ಪಿಟಿಎಫ್‌ಇ ಲೇಪನವನ್ನು ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಬಳಸಬಹುದು. ಅದಕ್ಕಿಂತ ಬಿಸಿಯಾದರೆ ಲೇಪನ ಹಾಳಾಗತೊಡಗುತ್ತದೆ. 350 ದಾಟಿತೆಂದರೆ ಒಡೆದು ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಜ್ವರದಂಥ ಮೈನೋವು, ಚಳಿ ಬರುವುದುಂಟು. ಪಂಜರದ ಗಿಳಿ, ಲವ್‌ಬರ್ಡ್‌ಗಳಿಗಂತೂ ಅದು ಪ್ರಾಣಕ್ಕೇ ಕುತ್ತು. ದೋಸೆ ಬೇಯಲು 200 ಡಿಗ್ರಿಯ ಆಸುಪಾಸು ಸಾಕು. ಅಂದರೆ ಅಡುಗೆಗೆ ಬೇಕಾದ ಬಿಸಿಗೂ ಲೇಪನ ಕೆಡುವ ಬಿಸಿಗೂ ನಡುವೆ ಇರುವ ಅಂತರ ದೊಡ್ಡದೇನಲ್ಲ.

ಇಂಡಕ್ಷನ್ ಒಲೆ ಆ ಅಂತರವನ್ನು ಎಷ್ಟು ಬೇಗ ದಾಟಿಸುತ್ತದೆ ಎಂದು ಲೆಕ್ಕ ಹಾಕಬಹುದು. ಒಂದು ಕಿಲೋ ತೂಕದ ಅಲ್ಯೂಮಿನಿಯಂ ತವಾವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 900 ಜೂಲ್ ಶಾಖ ಬೇಕು. 2000 ವ್ಯಾಟ್‌ನಲ್ಲಿಟ್ಟ ಒಲೆಯಿಂದ ತವಾಕ್ಕೆ 1700 ವ್ಯಾಟ್ ತಲುಪಿತು ಎಂದುಕೊಂಡರೆ ಪ್ರತಿ ಸೆಕೆಂಡಿಗೆ ಎರಡು ಡಿಗ್ರಿಯ ಹತ್ತಿರ ಏರುತ್ತದೆ. ಗಾಳಿಗೆ ಹೋಗುವ ಶಾಖವನ್ನು ಕಳೆದರೂ ಖಾಲಿ ತವಾ ಮೂರು ನಿಮಿಷದೊಳಗೆ 260 ಮುಟ್ಟುತ್ತದೆ. ತವಾ ಕಾಯಲಿಟ್ಟು ಚಟ್ನಿ ರುಬ್ಬಲು ಹೋದರೆ ಕೆಲಸ ಕೆಟ್ಟಂತೆ. ಒಲೆಯಲ್ಲಿ ಬಿಸಿ ಅಳೆಯುವ ಸೆನ್ಸರ್ ಇದ್ದರೂ ಅದು ಗಾಜಿನ ಕೆಳಗಿರುತ್ತದೆ. ತವಾದ ಮೇಲ್ಮೈ ಬಿಸಿ ಅದಕ್ಕೆ ತಿಳಿಯುವುದು ತಡವಾಗಿ. ಆದ್ದರಿಂದ ನಾನ್‌ಸ್ಟಿಕ್ ತವಾವನ್ನು 800ರಿಂದ 1000 ವ್ಯಾಟ್‌ನಲ್ಲಿ ಕಾಯಿಸಿ. ಚಿಮುಕಿಸಿದ ನೀರಿನ ಹನಿ ಆರಿಹೋಗದೆ ಗೋಲಿಯಂತೆ ಉರುಳಾಡಿತೆಂದರೆ ಇನ್ನು ಕಾಯಿಸುವುದು ಬೇಡ, ಹಿಟ್ಟು ಹುಯ್ಯಬಹುದು.

ತಳದ ಬಿಲ್ಲೆ ಎಷ್ಟು ಅಗಲ?

ಇಂಡಕ್ಷನ್ ಒಲೆಯಲ್ಲಿ ಉರಿಯೂ ಇಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ, ಆ ಲೋಹವನ್ನೇ ಕಾಯಿಸುತ್ತದೆ. ಕಬ್ಬಿಣ, ಬೀಡು, ಅಯಸ್ಕಾಂತ ಹಿಡಿಯುವ ಸ್ಟೀಲ್ ಇದಕ್ಕೆ ಒಗ್ಗುತ್ತವೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯನ್ನು ಇಟ್ಟರೆ ಮನೆಯ ಸಾಮಾನ್ಯ ಒಲೆ ಪಾತ್ರೆಯೇ ಇಲ್ಲವೆಂದು ಬೀಪ್ ಮಾಡಿ ನಿಂತುಬಿಡುತ್ತದೆ.

ಹಾಗಾದರೆ ಅಲ್ಯೂಮಿನಿಯಂ ತವಾ ‘ಇಂಡಕ್ಷನ್ ಬೇಸ್’ ಆಗುವುದು ಹೇಗೆ? ತವಾವನ್ನು ಮಗುಚಿ ನೋಡಿ. ತಳದಲ್ಲಿ ಸಣ್ಣ ಸಣ್ಣ ತೂತುಗಳಿರುವ ಸ್ಟೀಲ್ ಬಿಲ್ಲೆಯೊಂದು ಕಾಣುತ್ತದೆ. ಅಯಸ್ಕಾಂತ ಹಿಡಿಯುವ ಈ ಬಿಲ್ಲೆಯನ್ನು ಭಾರೀ ಒತ್ತಡದಲ್ಲಿ ಅಲ್ಯೂಮಿನಿಯಂಗೆ ಅದುಮಿರುತ್ತಾರೆ. ಮೆತ್ತಗಿನ ಅಲ್ಯೂಮಿನಿಯಂ ಆ ತೂತುಗಳೊಳಗೆ ನುಗ್ಗಿ ಬಿಲ್ಲೆಯನ್ನು ಕಚ್ಚಿ ಹಿಡಿಯುತ್ತದೆ. ಒಲೆ ಕಾಯಿಸುವುದು ಈ ಬಿಲ್ಲೆಯನ್ನು. ಅಂಚಿನವರೆಗೆ ಬಿಸಿ ಒಯ್ಯುವುದು ಅಲ್ಯೂಮಿನಿಯಂನ ಕೆಲಸ.

ಮಾರುವವರು ಬರೆಯದೆ ಬಿಡುವ ಅಳತೆ ಇಲ್ಲಿದೆ. ಡಬ್ಬದ ಮೇಲಿನ 28 ಸೆಂ.ಮೀ. ಎನ್ನುವುದು ಅಂಚಿನಿಂದ ಅಂಚಿಗೆ. ದೋಸೆ ಹುಯ್ಯಲು ಸಿಗುವ ಸಮತಟ್ಟು ಜಾಗ 24 ಸೆಂ.ಮೀ. ಇರಬಹುದು. ತಳದ ಬಿಲ್ಲೆ 16 ಸೆಂ.ಮೀ. ಮಾತ್ರ ಇದ್ದರೆ, ನೇರವಾಗಿ ಕಾಯುವುದು ದೋಸೆಯ ವಿಸ್ತೀರ್ಣದಲ್ಲಿ ಶೇಕಡಾ 44ರಷ್ಟು. ತವಾ ತೆಳ್ಳಗಿದ್ದರೆ ಬಿಸಿ ಅಂಚಿಗೆ ಹರಡುವ ಮೊದಲೇ ನಡುವೆ ಸೀದು, ಸುತ್ತ ಹಸಿಹಿಟ್ಟು ಬಿಳಿಬಿಳಿಯಾಗಿ ಉಳಿಯುತ್ತದೆ. ಆಗ ಬಳಸುವವರು ವ್ಯಾಟ್ ಏರಿಸುತ್ತಾರೆ. ಅಂಚು ಬೇಯುವಷ್ಟರಲ್ಲಿ ನಡುವಿನ ಕೋಟಿಂಗ್ ಮಿತಿ ದಾಟಿರುತ್ತದೆ. ಮನೆಯ ಒಂಟಿ ಒಲೆಗಳ ಸುರುಳಿಯೂ ಸಾಮಾನ್ಯವಾಗಿ 16ರಿಂದ 20 ಸೆಂ.ಮೀ. ಅಗಲವಿರುವುದರಿಂದ, ಬಿಲ್ಲೆ ಅದಕ್ಕಿಂತ ದೊಡ್ಡದಾದರೂ ಬಿಸಿ ಹುಟ್ಟುವುದು ಸುರುಳಿಯ ಮೇಲಿನ ಭಾಗದಲ್ಲಿಯೇ. ಅದಕ್ಕೆ ತವಾದ ದಪ್ಪ ಮುಖ್ಯ: 2.5 ಮಿ.ಮೀ. ತವಾಕ್ಕಿಂತ 4 ಮಿ.ಮೀ. ತವಾ ಅಂಚನ್ನು ಚೆನ್ನಾಗಿ ಕಾಯಿಸುತ್ತದೆ.

ತಳ ಏಕೆ ಉಬ್ಬುತ್ತದೆ?

ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವಷ್ಟು ಈ ಸ್ಟೀಲ್ ಹಿಗ್ಗದು, ಅರ್ಧದಷ್ಟೂ ಇಲ್ಲ. 16 ಸೆಂ.ಮೀ. ಉದ್ದಕ್ಕೆ ಲೆಕ್ಕ ಹಾಕಿದರೆ, 200 ಡಿಗ್ರಿ ಏರಿದಾಗ ಅಲ್ಯೂಮಿನಿಯಂ ಮುಕ್ಕಾಲು ಮಿಲಿಮೀಟರ್‌ನಷ್ಟು ಬೆಳೆಯುತ್ತದೆ, ಸ್ಟೀಲ್ ಅದರ ಅರ್ಧಕ್ಕಿಂತ ಕಡಿಮೆ. ಒಂದಕ್ಕೊಂದು ಕಚ್ಚಿಕೊಂಡಿರುವ ಎರಡು ಲೋಹಗಳು ಬೇರೆ ಬೇರೆ ಅಳತೆಗೆ ಹಿಗ್ಗಿದಾಗ ತಟ್ಟೆ ಬಾಗಲೇಬೇಕು. ನಿಧಾನವಾಗಿ ಕಾಯಿಸಿ, ನಿಧಾನವಾಗಿ ಆರಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಖಾಲಿ ತವಾವನ್ನು ಪೂರ್ತಿ ವ್ಯಾಟ್‌ನಲ್ಲಿ ಕಾಯಿಸಿ, ಕೆಲಸ ಮುಗಿದೊಡನೆ ನಲ್ಲಿಯ ಕೆಳಗೆ ಹಿಡಿದರೆ ಬಾಗಿದ್ದು ಬಾಗಿಯೇ ಉಳಿಯುತ್ತದೆ.

ಇದನ್ನು ಪತ್ತೆಹಚ್ಚುವುದು ಸುಲಭ. ಆರಿದ ತವಾವನ್ನು ಗಾಜಿನ ಮೇಲಿಟ್ಟು ಒಂದು ಸುತ್ತು ತಿರುಗಿಸಿ. ಬುಗುರಿಯ ಹಾಗೆ ತಿರುಗಿದರೆ ತಳ ಕೆಳಕ್ಕೆ ಉಬ್ಬಿದೆ. ಎಣ್ಣೆ ಹಾಕಿದಾಗ ಅದೆಲ್ಲ ಅಂಚಿಗೆ ಓಡಿದರೆ ನಡುಭಾಗ ಮೇಲಕ್ಕೆ ಎದ್ದಿದೆ. ತಳಕ್ಕೂ ಗಾಜಿಗೂ ನಡುವೆ ಸಂದು ಬಿದ್ದರೆ ಒಲೆಯ ಸೆನ್ಸರ್‌ಗೆ ತವಾದ ಬಿಸಿ ಇನ್ನೂ ತಡವಾಗಿ ತಿಳಿಯುತ್ತದೆ.

ಮೈ ಬದಲಾದರೆ ಆರೈಕೆಯೂ ಬದಲು

ಅದೇ ಅಳತೆಯ ಬೀಡಿನ ಕಾವಲಿಗೆ ಮೇಲಿನ ಭಯಗಳು ಹೆಚ್ಚಿಲ್ಲ. ಅದು ಇಡಿಯಾಗಿ ಕಬ್ಬಿಣವಾದ್ದರಿಂದ ಇಂಡಕ್ಷನ್‌ಗೆ ಬಿಲ್ಲೆ ಬೇಡ, ತಳ ಸಮತಟ್ಟಾಗಿದ್ದರೆ ಸಾಕು. ಅಂಟದಂತೆ ಮಾಡುವುದು ಎಣ್ಣೆ ಕಾದು ಗಟ್ಟಿಯಾಗಿ ಕೂತ ಪದರ. ಕಾವಲಿ ಪಳಗಿಸುವುದು ಎಂದರೆ ಇದೇ. ಹುಣಸೆ ಗೊಜ್ಜು, ಟೊಮೆಟೊ ಗೊಜ್ಜನ್ನು ಅದರಲ್ಲಿ ಕುದಿಸಿದರೆ ಆ ಪದರ ಕಿತ್ತುಬಂದು ಕಬ್ಬಿಣದ ರುಚಿ ಇಳಿಯುತ್ತದೆ. ತೊಳೆದು ಒದ್ದೆಯಾಗಿ ಬಿಟ್ಟರೆ ತುಕ್ಕು. ಕಾದ ಕಾವಲಿಗೆ ತಣ್ಣೀರು ಸುರಿದರೆ ಬಿರುಕು.

ಹಾರ್ಡ್ ಅನೋಡೈಸ್ಡ್ ಎಂದು ಬರೆದಿದ್ದರೆ ಅದು ಮೇಲಿಂದ ಬಳಿದ ಬಣ್ಣವಲ್ಲ, ಅಲ್ಯೂಮಿನಿಯಂನ ಮೈಯನ್ನೇ ವಿದ್ಯುತ್ತಿನಿಂದ ಗಟ್ಟಿಗೊಳಿಸಿದ ಪದರ. ಗೀರು ತಡೆಯುತ್ತದೆ, ಆದರೆ ವಾಷಿಂಗ್ ಸೋಡಾ, ಡಿಷ್‌ವಾಷರ್ ಪುಡಿಯ ಖಾರ ತಡೆಯದೆ ಬಿಳಿಚಿಕೊಳ್ಳುತ್ತದೆ. ಅದಕ್ಕೂ ಇಂಡಕ್ಷನ್ ಬಿಲ್ಲೆ ಬೇರೆಯಾಗಿಯೇ ಬೇಕು. ‘ಸೆರಾಮಿಕ್ ಕೋಟಿಂಗ್’ ಎಂದಿದ್ದರೆ ಪಿಟಿಎಫ್‌ಇ ಇಲ್ಲ, ಹೆಚ್ಚು ಬಿಸಿಯನ್ನೂ ತಾಳುತ್ತದೆ. ಆದರೆ ಅಂಟದ ಗುಣವನ್ನು ಅದು ಪಿಟಿಎಫ್‌ಇಗಿಂತ ಬೇಗ ಕಳೆದುಕೊಳ್ಳುತ್ತದೆ.

ಸರಿಯಾದ ವಿವರಣೆ ಹೀಗಿರಬೇಕು

ಮೊದಲಿನ ತವಾವನ್ನೇ ಪ್ರಾಮಾಣಿಕವಾಗಿ ಬಣ್ಣಿಸಿದರೆ ಹೀಗೆ ಬರುತ್ತದೆ:

‘ಅಲ್ಯೂಮಿನಿಯಂ ದೋಸೆ ತವಾ. ಅಂಚಿನಿಂದ ಅಂಚಿಗೆ 28 ಸೆಂ.ಮೀ., ಸಮತಟ್ಟು ಭಾಗ 24 ಸೆಂ.ಮೀ., ದಪ್ಪ 4 ಮಿ.ಮೀ. ಮೇಲೆ ಪಿಟಿಎಫ್‌ಇ ನಾನ್‌ಸ್ಟಿಕ್ ಲೇಪನ, ಗ್ರಾನೈಟ್ ಬಣ್ಣದ ವಿನ್ಯಾಸ. 260 ಡಿಗ್ರಿ ಮೀರಬಾರದು. ಗ್ಯಾಸ್ ಮತ್ತು ಇಂಡಕ್ಷನ್ ಎರಡಕ್ಕೂ ಆಗುತ್ತದೆ. ತಳದ ಸ್ಟೀಲ್ ಬಿಲ್ಲೆ 18 ಸೆಂ.ಮೀ. ಖಾಲಿಯಾಗಿ ಕಾಯಲು ಬಿಟ್ಟು ಹೋಗಬೇಡಿ, ಇಂಡಕ್ಷನ್‌ನಲ್ಲಿ 1000 ವ್ಯಾಟ್ ಒಳಗೆ ಬಳಸಿ. ಮರದ ಅಥವಾ ಸಿಲಿಕೋನ್ ಮಗುಚುವ ಕೈ ಬಳಸಿ. ಆರಿದ ಮೇಲೆ ಮೆತ್ತನೆಯ ಸ್ಪಂಜಿನಿಂದ ತೊಳೆಯಿರಿ. ಸ್ಟೀಲ್ ನಾರು, ಡಿಷ್‌ವಾಷರ್ ಬೇಡ.’

ಇಲ್ಲಿ ಆರೈಕೆಯ ಪ್ರತಿ ಸೂಚನೆಗೂ ಹಿಂದಿನ ಸಾಲುಗಳಲ್ಲೇ ಕಾರಣ ಇದೆ. 260 ಡಿಗ್ರಿ ಎಂದು ಓದಿದವರಿಗೆ ‘ಖಾಲಿ ಕಾಯಿಸಬೇಡಿ’ ಎಂಬುದು ಬರೀ ಉಪದೇಶ ಅನಿಸದು. 18 ಸೆಂ.ಮೀ. ಬಿಲ್ಲೆ ಎಂದು ಕಂಡವರು ಅಂಚು ಬೇಯಲಿಲ್ಲವೆಂದು ವ್ಯಾಟ್ ಏರಿಸುವ ಬದಲು ತುಸು ಸಣ್ಣ ದೋಸೆ ಹುಯ್ಯುತ್ತಾರೆ.

ಡಬ್ಬದ ಮೇಲೆ ಇಷ್ಟೆಲ್ಲ ಇಲ್ಲದಿದ್ದರೆ ಅಂಗಡಿಯಲ್ಲೇ ನೋಡಿಕೊಳ್ಳಬಹುದು. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ತಳದ ನಡುವಿನಿಂದ ಅಂಚಿನತ್ತ ಸರಿಸಿಕೊಂಡು ಹೋಗಿ. ಹಿಡಿತ ಎಲ್ಲಿ ತಪ್ಪುತ್ತದೋ ಅಲ್ಲಿಗೆ ಬಿಲ್ಲೆ ಮುಗಿಯಿತು. ಸ್ಕೇಲನ್ನು ತಳಕ್ಕೆ ಅಡ್ಡಲಾಗಿಟ್ಟು ಬೆಳಕಿಗೆ ಹಿಡಿದರೆ ಹೊಸ ತವಾದಲ್ಲೇ ಉಬ್ಬಿದ್ದರೂ ಕಾಣುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಅಲ್ಯೂಮಿನಿಯಂ ಮತ್ತು ಸ್ಟೀಲ್ ಅಡುಗೆ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ ಮಾಡುವ ಆದೇಶ ಹೊರಡಿಸಿದೆ. ಅಲ್ಯೂಮಿನಿಯಂಗೆ ಐಎಸ್ 1660, ಸ್ಟೀಲಿಗೆ ಐಎಸ್ 14756 ಎಂಬ ಸಂಖ್ಯೆ ಮುದ್ರೆಯ ಜೊತೆಗಿರುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಬಿಲ್ಲೆಯ ಅಗಲ ಮತ್ತು ತವಾದ ದಪ್ಪವನ್ನು ಮಾರುವವರಿಗೆ ಪ್ರಶ್ನೆಯಾಗಿ ಹಾಕಿ, ಉತ್ತರ ಬಂದ ಮೇಲೆ ಆರ್ಡರ್ ಮಾಡಬಹುದು. ಈ ಎರಡು ಅಂಕಿ ಕೊಡಲಾಗದವರ ‘ಇಂಡಕ್ಷನ್ ಬೇಸ್’ ಎಂಬ ಮಾತನ್ನು ನಂಬಿ ದುಡ್ಡು ಕಟ್ಟಬೇಕಾಗಿಲ್ಲ.