ಮಧ್ಯಾಹ್ನಕ್ಕೆ ಬಳಲುವ ಬಿಲ್ಲಿಂಗ್ ತಂತ್ರಾಂಶ

ಬೆಳಿಗ್ಗೆ ಕೀಲಿ ಒತ್ತಿದೊಡನೆ ಸ್ಪಂದಿಸುವ ಬಿಲ್ಲಿಂಗ್ ತಂತ್ರಾಂಶ ಮಧ್ಯಾಹ್ನದ ಹೊತ್ತಿಗೆ ಒಂದೊಂದು ಸಾಲಿಗೂ ತಡವರಿಸುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಮೆಮೊರಿ ಲೀಕ್. ಕೆಲಸಕ್ಕೆಂದು ಪಡೆದ ಮೆಮೊರಿಯನ್ನು ಕೆಲಸ ಮುಗಿದ ಮೇಲೂ ಪ್ರೋಗ್ರಾಂ ಬಿಟ್ಟುಕೊಡದಿರುವುದೇ ಈ ದೋಷ. ಪ್ರೋಗ್ರಾಂ ಮುಚ್ಚಿದಾಗ ಅದರ ಮೆಮೊರಿಯನ್ನೆಲ್ಲ ವಿಂಡೋಸ್ ಹಿಂದಕ್ಕೆ ಪಡೆಯುತ್ತದೆ. ಮುಚ್ಚಿ ತೆರೆದರೆ ಮತ್ತೆ ಚುರುಕಾಗುವುದು ಅದಕ್ಕೇ.

ಡಾಟ್‌ನೆಟ್‌ನಲ್ಲಿ ಬರೆದ ತಂತ್ರಾಂಶಗಳಿಗೆ ಗಾರ್ಬೇಜ್ ಕಲೆಕ್ಟರ್ ಎಂಬ ವ್ಯವಸ್ಥೆಯಿದ್ದು, ಬೇಡವಾದ ಮೆಮೊರಿಯನ್ನು ಅದೇ ತೆರವು ಮಾಡುತ್ತದೆ. ಹಾಗಿದ್ದೂ ಲೀಕ್ ಆಗುತ್ತದೆ. ಬಳಕೆಯಲ್ಲಿರುವ ಬೇರೆ ಯಾವುದೋ ಭಾಗ ಒಂದು ವಸ್ತುವನ್ನು ಹಿಡಿದುಕೊಂಡಿದ್ದರೆ, ಅಂಗಡಿಯವರಿಗೆ ಅದು ಬೇಡವಾಗಿದ್ದರೂ ಕಲೆಕ್ಟರ್ ಅದನ್ನು ಮುಟ್ಟುವುದಿಲ್ಲ. ಬೆಲೆ ಬದಲಾದರೆ ಬಿಲ್ ಕಿಟಕಿಗೆ ಸುದ್ದಿ ಮುಟ್ಟಲೆಂದು ಬರೆದ ಈ ಸಾಲು ಇಂಥದ್ದೇ:

```
PriceList.Changed += OnPriceChanged;
```

ಇಲ್ಲಿ `PriceList` ತಂತ್ರಾಂಶ ನಡೆಯುವಷ್ಟು ಹೊತ್ತೂ ಇರುವ ಬೆಲೆಪಟ್ಟಿ. ಸುದ್ದಿ ಮುಟ್ಟಿಸಬೇಕಾದ ಪ್ರತಿ ಕಿಟಕಿಯ ವಿಳಾಸವೂ ಅದರ ಬಳಿ ಇರುತ್ತದೆ. ಬಿಲ್ ಮುಗಿದು ಕಿಟಕಿ ಪರದೆಯಿಂದ ಮರೆಯಾದರೂ ಆ ವಿಳಾಸ ಅಳಿಯುವುದಿಲ್ಲ. ಕಿಟಕಿಯೊಂದು ತನ್ನ ಸರಕುಪಟ್ಟಿಯ ಪ್ರತಿ ಸೇರಿ 3 ಎಂಬಿ ಹಿಡಿಯುತ್ತದೆ ಎಂದುಕೊಳ್ಳೋಣ. ಗಂಟೆಗೆ 40 ಬಿಲ್‌ನಂತೆ 5 ಗಂಟೆಗೆ 200 ಬಿಲ್, ಅಂದರೆ 600 ಎಂಬಿ. ಆಗ ಒಂದೇ ಒಂದು ಬೆಲೆ ತಿದ್ದಿದರೂ, ಕಣ್ಣಿಗೆ ಕಾಣದ ಆ 200 ಕಿಟಕಿಗಳೂ ತಂತಮ್ಮ ಪಟ್ಟಿಯನ್ನು ಮತ್ತೆ ಲೆಕ್ಕ ಹಾಕುತ್ತವೆ. ಇದರ ಜೊತೆಗೆ ಕಲೆಕ್ಟರ್ ಪೂರ್ತಿ ಶೋಧನೆ ನಡೆಸಿದಾಗಲೆಲ್ಲ ಇವನ್ನೂ ಸುತ್ತಿಬರಬೇಕು. ರ‍್ಯಾಮ್ ಸಾಲದಾದರೆ ವಿಂಡೋಸ್ ಒಂದಿಷ್ಟು ಮೆಮೊರಿಯನ್ನು ಡಿಸ್ಕಿಗೆ ಸರಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ನಿಜಕ್ಕೂ ತೆವಳತೊಡಗುವುದು ಆಗಲೇ.

ಮೆಮೊರಿ ಏರಿದ ಮಾತ್ರಕ್ಕೆ ಲೀಕ್ ಎನ್ನಲಾಗದು. ಮತ್ತೆ ಬೇಕಾಗುವ ಮಾಹಿತಿಯನ್ನು ಬೇಕೆಂದೇ ಇಟ್ಟುಕೊಳ್ಳುವ ತಂತ್ರಾಂಶಗಳೂ ಉಂಟು. ಪರೀಕ್ಷಿಸಲು `Task Manager`ನ `Details` ವಿಭಾಗದಲ್ಲಿ `Commit size` ಕಾಲಂ ಸೇರಿಸಿಕೊಳ್ಳಬೇಕು. ಸಾಮಾನ್ಯವಾಗಿ ಕಾಣುವ ಮೆಮೊರಿ ಅಂಕಿ ಡಿಸ್ಕಿಗೆ ಸರಿದ ಭಾಗವನ್ನು ಲೆಕ್ಕಕ್ಕೆ ಹಿಡಿಯದ ಕಾರಣ ದಾರಿ ತಪ್ಪಿಸೀತು. ಬಿಲ್ ಕಿಟಕಿಯನ್ನು 20 ಸಲ ತೆರೆದು ಮುಚ್ಚಿ ಅಂಕಿ ಬರೆದಿಟ್ಟುಕೊಂಡು, ಇನ್ನೂ 20 ಸಲ, ಮತ್ತೂ 20 ಸಲ ಹಾಗೆಯೇ ಮಾಡಬೇಕು. ಎಲ್ಲೋ ಒಂದು ಕಡೆ ಏರಿಕೆ ನಿಂತರೆ ಚಿಂತೆಯಿಲ್ಲ. ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಅಷ್ಟಷ್ಟೇ ಏರುತ್ತ, ಊಟದ ಬಿಡುವಿನಲ್ಲೂ ಇಳಿಯದಿದ್ದರೆ ಲೀಕ್ ಇರುವುದು ಬಹುತೇಕ ಖಚಿತ.

ಪ್ರೋಗ್ರಾಮರ್ ವಿಷುಯಲ್ ಸ್ಟುಡಿಯೋದಲ್ಲಿ ಮೆಮೊರಿಯ ಸ್ನ್ಯಾಪ್‌ಶಾಟ್‌ಗಳನ್ನು ಹೋಲಿಸಿದರೆ, ಪರದೆಯ ಮೇಲೆ ಒಂದೇ ಬಿಲ್ ಇರುವಾಗ ಒಳಗೆ ಅಂಥ 200 ಇರುವುದೂ, ಅವನ್ನು ಹಿಡಿದಿರುವುದು ಬೆಲೆಪಟ್ಟಿ ಎಂಬುದೂ ಕಾಣುತ್ತದೆ. ಕಿಟಕಿ ಮುಚ್ಚುವಾಗ ನಡೆಯುವ ಭಾಗಕ್ಕೆ ಈ ಸಾಲು ಸೇರಿಸಿದರೆ ಹಿಡಿತ ಬಿಡುತ್ತದೆ:

```
PriceList.Changed -= OnPriceChanged;
```

ತಿದ್ದಿದ ಆವೃತ್ತಿ ಕೈಸೇರುವವರೆಗೆ ಅಂಗಡಿಯವರಿಗೆ ಉಳಿಯುವ ಉಪಾಯವೆಂದರೆ ಗಿರಾಕಿಗಳು ಕಡಿಮೆಯಿರುವ ಹೊತ್ತು ನೋಡಿ ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆಯುವುದು. ರ‍್ಯಾಮ್ ಹೆಚ್ಚಿಸಿದರೆ ತೊಂದರೆ ಮಧ್ಯಾಹ್ನದ ಬದಲು ಸಂಜೆಗೆ ಕಾಣಿಸಿಕೊಂಡೀತು, ಅಷ್ಟೆ. 32 ಬಿಟ್‌ನ ತಂತ್ರಾಂಶಕ್ಕಂತೂ ಸಾಮಾನ್ಯವಾಗಿ 2 ಜಿಬಿಯ ಮಿತಿಯಿರುವುದರಿಂದ ಎಷ್ಟು ರ‍್ಯಾಮ್ ಹಾಕಿದರೂ ಅದು ಆ ಗೆರೆ ದಾಟದೆ, `OutOfMemoryException` ಎಂಬ ದೋಷ ತೋರಿಸಿ ನಿಂತುಬಿಡಬಹುದು.